ಇಪ್ಪತ್ತಮೂರು ಮಕ್ಕಳು ಬರೆದ ಒಂದೇ ತಪ್ಪು ಉತ್ತರ

ಮಂಡ್ಯ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಆರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ದಶಮಾಂಶದ ಪಾಠ ಮುಗಿಸಿ ಹತ್ತು ಪ್ರಶ್ನೆಗಳ ಅಭ್ಯಾಸ ಹಾಳೆ ಕೊಟ್ಟಿದ್ದೆ. ಬರೆದವರು 36 ಮಕ್ಕಳು, ಸರಾಸರಿ ಹತ್ತಕ್ಕೆ ಆರರ ಮೇಲೆ. "ಪರವಾಗಿಲ್ವಲ್ಲ ಮೇಡಂ, ಮುಂದಿನ ಪಾಠಕ್ಕೆ ಹೋಗಿ" ಅಂದರು ಜೊತೆಯ ಮೇಷ್ಟ್ರು. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೂ ಲಾಂಗ್ ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಮಕ್ಕಳ ಹೆಸರು, ಮೇಲೆ ಪ್ರಶ್ನೆಯ ಸಂಖ್ಯೆ ಹಾಕಿ ಸರಿ-ತಪ್ಪು ಗುರುತು ಮಾಡಿದೆ. ಉದ್ದಕ್ಕೆ ಎಣಿಸಿದಾಗ ಮೂರು, ಆರು, ಒಂಬತ್ತು, ಹತ್ತನೇ ಪ್ರಶ್ನೆಗಳು ಸೊರಗಿದ್ದವು. ನಾಲ್ಕನ್ನೂ ಮತ್ತೆ ಪಾಠ ಮಾಡಬೇಕೆಂದರೆ ಒಂದು ವಾರ ಬೇಕು. ಮಕ್ಕಳು ಎಲ್ಲಿ ಎಡವಿದರು ಅನ್ನುವುದನ್ನು ತಪ್ಪು ಗುರುತು ಹೇಳುವುದಿಲ್ಲ. ಹಾಗಾಗಿ ಆ ನಾಲ್ಕು ಕಂಬಸಾಲುಗಳನ್ನು ಮತ್ತೆ ತುಂಬಿದೆ. ಈ ಸಲ ಮಗು ಬರೆದ ಉತ್ತರವನ್ನೇ ಬರೆದುಕೊಂಡೆ, ಬಿಟ್ಟಿದ್ದರೆ ಅಡ್ಡಗೆರೆ.

ಹತ್ತನೆಯದರಲ್ಲಿ 19 ಅಡ್ಡಗೆರೆಗಳು ಬಂದವು. ಬರೆದ 17 ಮಕ್ಕಳಲ್ಲಿ 14 ಜನರದು ಸರಿ. ಅಲ್ಲಿ ಸಾಲದೇ ಹೋದದ್ದು ಸಮಯ.

ಒಂಬತ್ತನೆಯದು ಹಾಲಿನ ಲೆಕ್ಕ: "ಸೋಮವಾರ ಡೈರಿಗೆ ಹಾಕಿದ ಹಾಲು 6.50 ಲೀಟರ್. ಇದು ಮಂಗಳವಾರ ಹಾಕಿದ್ದಕ್ಕಿಂತ 1.25 ಲೀಟರ್ ಹೆಚ್ಚು. ಮಂಗಳವಾರ ಹಾಕಿದ್ದು ಎಷ್ಟು?" 17 ಮಕ್ಕಳು 7.75 ಬರೆದಿದ್ದರು. ಕೂಡಿದ್ದು ಚುಕ್ಕಿಯ ಸಮೇತ ಸರಿಯಾಗಿದೆ, ಆದರೆ ಕಳೆಯಬೇಕಿತ್ತು. ಬರೀ ಅಂಕಿ ಕೊಟ್ಟು ಕಳೆಯಲು ಹೇಳಿದ್ದ ಐದನೇ ಪ್ರಶ್ನೆಯನ್ನು 29 ಮಕ್ಕಳು ಸರಿ ಮಾಡಿದ್ದರು. "ಹೆಚ್ಚು" ಅನ್ನುವ ಪದ ಕಂಡೊಡನೆ ಕೂಡಿಬಿಟ್ಟಿದ್ದಾರೆ. ಇದಕ್ಕೆ ವಾಕ್ಯ ಓದಿ ಚಿತ್ರ ಬರೆಯುವ ಅಭ್ಯಾಸ ಬೇಕು. ದಶಮಾಂಶವನ್ನು ಮತ್ತೆ ಹೇಳಿಕೊಟ್ಟರೆ ಇದು ಸರಿಹೋಗದು.

ಮೂರನೇ ಪ್ರಶ್ನೆಯಲ್ಲಿ ನನಗೆ ನಿಜಕ್ಕೂ ಎದೆ ಧಸಕ್ಕೆಂದಿತು. 0.8 ಮತ್ತು 0.45ರಲ್ಲಿ ಯಾವುದು ದೊಡ್ಡದು? 23 ಮಕ್ಕಳು 0.45 ಅಂದಿದ್ದರು. ಎರಡೇ ಆಯ್ಕೆ ಇರುವ ಪ್ರಶ್ನೆ, ಊಹಿಸಿರಬಹುದು, ಪಕ್ಕದವರದು ನೋಡಿರಬಹುದು. ಅದಕ್ಕೆ ಆರನೆಯದನ್ನು ಜೊತೆಗಿಟ್ಟು ನೋಡಿದೆ. 0.5, 0.35, 0.125 ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕಿತ್ತು. 21 ಮಕ್ಕಳು ಕೊಟ್ಟ ಹಾಗೇ ಬರೆದಿದ್ದರು, ಅವರಲ್ಲಿ 18 ಜನ ಮೂರರಲ್ಲಿ 0.45 ಅಂದವರೇ. ಅವರು ಬೇರೆ ಬೇರೆ ಬೆಂಚಿನವರು. ಚುಕ್ಕಿಯ ಮುಂದಿನದನ್ನು ಪೂರ್ಣಸಂಖ್ಯೆಯ ಹಾಗೆ ಓದಿ, ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿದ್ದಾರೆ.

ಹಾಗಾದರೆ ಎರಡನೇ ಪ್ರಶ್ನೆ 33 ಮಕ್ಕಳಿಗೆ ಹೇಗೆ ಸರಿಯಾಯಿತು? ಅದೂ ಹೋಲಿಕೆಯೇ: 3.75, 3.62. ಎರಡರಲ್ಲೂ ಚುಕ್ಕಿಯ ಮುಂದೆ ಎರಡೆರಡು ಅಂಕಿ. ತಪ್ಪು ನಿಯಮದಿಂದಲೂ ಅಲ್ಲಿ ಸರಿಯುತ್ತರ ಬರುತ್ತದೆ. ಪಾಠದಲ್ಲಿ ನಾನು ಕೊಟ್ಟ ರೂಪಾಯಿ-ಪೈಸೆ ಉದಾಹರಣೆಗಳೂ ಅಂಥವೇ, ಪೈಸೆಗೆ ಯಾವಾಗಲೂ ಎರಡಂಕಿ. ಒಬ್ಬಳನ್ನು ಕರೆದು ಕೇಳಿದೆ. "ಮಿಸ್, ಪಾಯಿಂಟ್ ನಲವತ್ತೈದು, ಪಾಯಿಂಟ್ ಎಂಟಕ್ಕಿಂತ ದೊಡ್ಡದಲ್ವಾ?" ಅಂದಳು. ಪಾಠದುದ್ದಕ್ಕೂ "ಪಾಯಿಂಟ್ ನಲವತ್ತೈದು" ಎಂದು ಓದಿದವಳು ನಾನೇ.

ಹೀಗೆ ಇಡೀ ತರಗತಿಗೆ ಮತ್ತೆ ಹೇಳಬೇಕಾದದ್ದು ಹೋಲಿಕೆಯೊಂದೇ ಎಂದು ತೀರ್ಮಾನವಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ತಪ್ಪು ಮಾಡಿದ್ದು, ಅದು ಎರಡು ಪ್ರಶ್ನೆಗಳಲ್ಲಿ ಕಂಡರೆ ಎಲ್ಲರಿಗೂ ಪಾಠ, ಐದಾರು ಜನರಾದರೆ ಅವರನ್ನಷ್ಟೇ ಕೂರಿಸಿಕೊಳ್ಳುವುದು. ಇದು ನಾನು ಇಟ್ಟುಕೊಂಡ ಅಳತೆ.

ಎರಡು ಪೀರಿಯಡ್ ತೆಗೆದುಕೊಂಡೆ. ನೂರು ಮನೆಗಳ ಚೌಕಳಿ ಹಾಳೆಯಲ್ಲಿ 0.8ಕ್ಕೆ ಎಂಟು ಪೂರ್ತಿ ಸಾಲು, 0.45ಕ್ಕೆ ನಾಲ್ಕು ಸಾಲು ಮತ್ತು ಐದು ಮನೆಗಳಿಗೆ ಬಣ್ಣ ಹಚ್ಚಿದರು. ಓದುವುದನ್ನೂ ಬದಲಿಸಿದೆ: "ಪಾಯಿಂಟ್ ನಾಲ್ಕು ಐದು". ಬಿಡಿಸಿ ಹೇಳುವಾಗ ಹತ್ತರಲ್ಲಿ ನಾಲ್ಕು ಭಾಗ, ನೂರರಲ್ಲಿ ಐದು ಭಾಗ.

ವಾರದ ನಂತರ ಎರಡು ಜೋಡಿ ಕೊಟ್ಟೆ: 0.6 ಮತ್ತು 0.37, 0.3 ಮತ್ತು 0.64. ಎರಡನೆಯದನ್ನು ಬೇಕೆಂದೇ ಇಟ್ಟೆ. "ಅಂಕಿ ಕಡಿಮೆ ಇದ್ದರೆ ದೊಡ್ಡದು" ಎಂದು ನಿಯಮವನ್ನು ತಿರುಗಿಸಿಕೊಂಡ ಮಗು ಮೊದಲನೆಯದನ್ನು ಸರಿ ಮಾಡಿ ಇಲ್ಲಿ ಸಿಕ್ಕಿಬೀಳುತ್ತದೆ. 28 ಮಕ್ಕಳು ಎರಡನ್ನೂ ಸರಿ ಮಾಡಿದರು. ಮೂವರು ಹಳೇ ನಿಯಮವನ್ನೇ ಹಿಡಿದಿದ್ದರು. ಐವರು 0.3 ದೊಡ್ಡದು ಅಂದಿದ್ದರು. ಈ ಎಂಟು ಮಕ್ಕಳ ಜೊತೆ ಈಗ ಬೆಳಗಿನ ಪ್ರಾರ್ಥನೆಗೆ ಮುಂಚೆ ಹದಿನೈದು ನಿಮಿಷ ಚೌಕಳಿ ಹಾಳೆ ಹಿಡಿದು ಕೂರುತ್ತೇನೆ. ಮೂವರನ್ನು ಒಂದು ಕಡೆ, ಐವರನ್ನು ಇನ್ನೊಂದು ಕಡೆ ಕೂರಿಸಿದ್ದೇನೆ, ಏಕೆಂದರೆ ಅವರವರ ತಪ್ಪು ಬೇರೆ.