ನಮ್ಮ ಪ್ರೊಫೈಲ್ ಯಾರಿಗೆ ಕಾಣುತ್ತದೆ?

"ಮಗಳಿಗೆ ಮೂವತ್ತೊಂದು ತುಂಬಿತು. ಮ್ಯಾಟ್ರಿಮನಿ ತಾಣದಲ್ಲಿ ದುಡ್ಡು ಕಟ್ಟಿ ಹೆಸರು ಹಾಕಿಸಿದ್ದೇವೆ. ವಯಸ್ಸು, ಊರು ಎಲ್ಲವನ್ನೂ ಸಡಿಲಿಸಿದರೂ ಅದೇ ನಾಲ್ಕು ಮುಖಗಳು. ನಮ್ಮ ಪ್ರೊಫೈಲ್ ಯಾರಿಗಾದರೂ ಕಾಣುತ್ತಿದೆಯೋ ಇಲ್ಲವೋ?"

ನೀವು ಸಡಿಲಿಸಿದ್ದು ನಿಮಗೆ ಯಾರು ಕಾಣಬೇಕು ಎಂಬುದನ್ನು ಮಾತ್ರ. ನಿಮ್ಮ ಮಗಳು ಯಾರಿಗೆ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಬೇರೆ ಎರಡು ಸಂಗತಿಗಳು: ಆ ಕಡೆಯವರು ಇಟ್ಟುಕೊಂಡಿರುವ ಮಿತಿಗಳು, ಮತ್ತು ಅವಳ ಪ್ರೊಫೈಲ್‌ನಲ್ಲಿ ನೀವು ತುಂಬಿದ ಅಥವಾ ತುಂಬದೆ ಬಿಟ್ಟ ವಿವರಗಳು. ನೆಂಟರಿಷ್ಟರ ಮಕ್ಕಳ ಪ್ರೊಫೈಲ್‌ಗಳನ್ನು ಸರಿಪಡಿಸಿಕೊಡುತ್ತಾ ಬಂದಿರುವ ನನಗೆ ಹೆಚ್ಚಿನ ಮನೆಗಳಲ್ಲಿ ಕಂಡದ್ದು ಇದೇ. ಎಲ್ಲರೂ ತಮ್ಮ ಹುಡುಕಾಟದ ಪುಟದ ಮುಂದೆಯೇ ಕುಳಿತಿರುತ್ತಾರೆ. ಆ ಕಡೆಯಿಂದ ನೋಡಿದರೆ ತಮ್ಮ ಮಗಳು ಹೇಗೆ ಕಾಣುತ್ತಾಳೆ, ಕಾಣುತ್ತಾಳೆಯೇ ಎಂದು ಪರೀಕ್ಷಿಸಿರುವುದಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸುತ್ತೇನೆ. ಇಂಥ ತಾಣಗಳಲ್ಲಿ ಮಿತಿಗಳನ್ನು ಹಾಕುವ ಜಾಗ ಒಂದೇ ಅಲ್ಲ, ಸಾಮಾನ್ಯವಾಗಿ ಮೂರು. ಸಂಗಾತಿಯ ಬಗೆಗಿನ ನಿರೀಕ್ಷೆ ಎಂಬ ಭಾಗದಲ್ಲಿ ತುಂಬಿದ್ದನ್ನು ನೋಡಿಕೊಂಡು ತಾಣವು ನಿಮಗೆ ಪ್ರತಿದಿನ ಹೊಸ ಸಂಬಂಧಗಳನ್ನು ತೋರಿಸುತ್ತದೆ. ಹುಡುಕಾಟದ ಪುಟದಲ್ಲಿ ನೀವು ಆಗಿಂದಾಗ ಬದಲಿಸುವುದು ಆ ಹೊತ್ತಿನ ಹುಡುಕಾಟಕ್ಕೆ ಮಾತ್ರ ಸಂಬಂಧಿಸಿದ್ದು. ಮೂರನೆಯದು ಸೆಟ್ಟಿಂಗ್ಸ್ ಒಳಗೆ ಅಡಗಿರುವ ಸಂಪರ್ಕದ ಫಿಲ್ಟರ್. ಇದರ ಮಿತಿಯೊಳಗೆ ಬಾರದವರು ಆಸಕ್ತಿ ಕಳುಹಿಸಿದರೆ ಅದು ಮುಖ್ಯ ಪೆಟ್ಟಿಗೆಗೆ ಬರುವುದಿಲ್ಲ, 'ಫಿಲ್ಟರ್ ಆದವು' ಎಂಬ ಪ್ರತ್ಯೇಕ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಅನೇಕ ತಂದೆತಾಯಿಯರಿಗೆ ಅಂಥ ಪೆಟ್ಟಿಗೆ ಇದೆ ಎಂಬುದೇ ತಿಳಿದಿರುವುದಿಲ್ಲ. ಹುಡುಕಾಟದ ಪುಟದಲ್ಲಿ ವಯಸ್ಸನ್ನು ಸಡಿಲಿಸಿದ ಮಾತ್ರಕ್ಕೆ ಉಳಿದ ಎರಡು ಕಡೆ ಬದಲಾಗುವುದಿಲ್ಲ. ಅಷ್ಟೇ ಅಲ್ಲ, ಹೆಸರು ನೋಂದಾಯಿಸಿದ ದಿನವೇ ನಿಮ್ಮ ಮಗಳ ವಯಸ್ಸು, ಎತ್ತರ, ಜಾತಿ, ಮಾತೃಭಾಷೆಗಳನ್ನು ನೋಡಿ ತಾಣವು ನಿರೀಕ್ಷೆಗಳನ್ನು ತಾನಾಗಿ ತುಂಬಿರಬಹುದು. ಮನೆಯಲ್ಲಿ ಯಾರೂ ಆರಿಸದ ಮಿತಿಗಳು ಮನೆಯವರ ಹೆಸರಿನಲ್ಲಿ ಕೆಲಸ ಮಾಡುತ್ತಿರುತ್ತವೆ.

ವಯಸ್ಸಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರೊಫೈಲ್‌ನಲ್ಲಿರುವ ವಯಸ್ಸು ಹುಟ್ಟಿದ ದಿನಾಂಕದಿಂದ ಲೆಕ್ಕವಾಗುತ್ತದೆ, ವರ್ಷ ತುಂಬಿದಂತೆ ತಾನೇ ಏರುತ್ತದೆ. ಆದರೆ ಹಾಕಿಟ್ಟ ಮಿತಿ ಯಾರಾದರೂ ಬದಲಿಸುವವರೆಗೆ ಹಾಗೆಯೇ ಉಳಿಯುತ್ತದೆ. ಇಪ್ಪತ್ತೊಂಬತ್ತರಲ್ಲಿ ನೋಂದಾಯಿಸಿದ ಹುಡುಗನ ಮನೆಯವರು ಹುಡುಗಿಗೆ 23ರಿಂದ 28 ಎಂದು ಹಾಕಿದ್ದರೆ, ಅವನಿಗೆ ಮೂವತ್ತಮೂರಾದರೂ ಅದು 23ರಿಂದ 28 ಎಂದೇ ಇರುತ್ತದೆ. ಮೂವತ್ತೊಂದರ ಹುಡುಗಿ ಬೇಡ ಎಂದು ಆ ಮನೆಯಲ್ಲಿ ಯಾರೂ ಹೇಳಿರುವುದಿಲ್ಲ. ಅವಳ ಹೆಸರೇ ಅವರ ಮುಂದೆ ಬಂದಿರುವುದಿಲ್ಲ.

ಅದರ ಮೇಲೆ, ಮಿತಿ ಹಾಕುವವರ ಕೈ ಮೂವತ್ತು, ಮೂವತ್ತೈದರಂಥ ಅಂಕಿಗಳಲ್ಲಿ ನಿಲ್ಲುತ್ತದೆ. ಮೇಲಿನ ಮಿತಿ 30 ಎಂದಿದ್ದರೆ, ಮೂವತ್ತೊಂದು ತುಂಬಿದ ಬೆಳಿಗ್ಗೆ ನಿಮ್ಮ ಮಗಳು ಆ ಪಟ್ಟಿಗಳಿಂದ ಒಟ್ಟಿಗೆ ಮರೆಯಾಗುತ್ತಾಳೆ. "ಹುಟ್ಟುಹಬ್ಬ ಆದಮೇಲೆ ಒಂದೇ ಸಲ ನಿಂತುಹೋಯಿತು" ಎಂದು ತಾಯಂದಿರು ಹೇಳುವುದಕ್ಕೆ ಗ್ರಹಗತಿ ಕಾರಣವಲ್ಲ. ಗಂಡಸರು ಹಾಕುವ ವಯಸ್ಸಿನ ಮಿತಿ ತಮಗಿಂತ ಕಿರಿಯರ ಕಡೆಗೆ ಉದ್ದಕ್ಕೆ, ಹಿರಿಯರ ಕಡೆಗೆ ಗಿಡ್ಡಕ್ಕೆ ಇರುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದ ಓಕೆಕ್ಯುಪಿಡ್ ಎಂಬ ಡೇಟಿಂಗ್ ತಾಣ 2010ರಲ್ಲಿ ತನ್ನ ಬಳಕೆದಾರರ ಅಂಕಿಗಳನ್ನು ಪ್ರಕಟಿಸಿದಾಗ, 31ರ ಗಂಡಸರಲ್ಲಿ ನಡುಮಟ್ಟದವನ ಮಿತಿ 22ರಿಂದ 35 ಎಂದಿತ್ತು: ಕೆಳಗೆ ಒಂಬತ್ತು ವರ್ಷ, ಮೇಲೆ ನಾಲ್ಕೇ ವರ್ಷ. ನಮ್ಮ ವರಾನ್ವೇಷಣೆಯಲ್ಲಿ ಮೇಲಿನ ತುದಿ ಹುಡುಗನ ವಯಸ್ಸಿಗೇ ಅಥವಾ ಅದಕ್ಕೂ ಒಂದೆರಡು ವರ್ಷ ಮೊದಲೇ ನಿಲ್ಲುವುದು ವಾಡಿಕೆ.

ಇದರ ಪರಿಣಾಮ ನೋಡಿ. ನೀವು ಹುಡುಗನಿಗೆ 31ರಿಂದ 34 ಎಂದು ಹಾಕಿದ್ದೀರಿ ಎಂದುಕೊಳ್ಳೋಣ. ಮೂವತ್ತೊಂದು, ಮೂವತ್ತೆರಡರ ಹುಡುಗರಲ್ಲಿ ಹೆಚ್ಚಿನವರ ಮಿತಿ 29 ಅಥವಾ 30ಕ್ಕೆ ಮುಗಿದಿರುತ್ತದೆ; ಅವರು ನಿಮಗೆ ಕಾಣುತ್ತಾರೆ, ನೀವು ಅವರಿಗೆ ಕಾಣುವುದಿಲ್ಲ. ನಿಮ್ಮ ಮಗಳನ್ನು ನಿಜವಾಗಿ ನೋಡುತ್ತಿರುವವರು ಮೂವತ್ತೈದು, ಮೂವತ್ತಾರರವರು, 28ರಿಂದ 33 ಎಂದು ಹಾಕಿಕೊಂಡವರು. ಅವರು ಆಸಕ್ತಿ ಕಳುಹಿಸಿದರೆ ನಿಮ್ಮ ಸಂಪರ್ಕದ ಫಿಲ್ಟರ್ 34ರಲ್ಲಿ ತಡೆದು ಪಕ್ಕದ ಪೆಟ್ಟಿಗೆಗೆ ಹಾಕುತ್ತದೆ. ಎರಡೂ ಕಡೆ ಹೊಂದುವವರು ನಡುವಿನ ಸಣ್ಣ ಪಟ್ಟಿಯಲ್ಲಿ ಉಳಿದವರು ಮಾತ್ರ, ಆ ನಾಲ್ಕು ಮುಖಗಳು.

ಊರಿನ ಮಿತಿಯಲ್ಲಿ ತೊಂದರೆ ಬೇರೆ ಬಗೆಯದು. ಮ್ಯಾಟ್ರಿಮನಿ ತಾಣಗಳಲ್ಲಿ ಸಾಮಾನ್ಯವಾಗಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ದೇಶ, ರಾಜ್ಯ, ನಗರ ಎಂದು ಹೆಸರುಗಳನ್ನು ಆರಿಸಬೇಕು. ರಾಜ್ಯ ಕರ್ನಾಟಕ ಎಂದು ಆರಿಸಿದರೆ ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರದ ಬೀದರ್ ಒಳಗೆ ಬರುತ್ತದೆ, 40 ಕಿಲೋಮೀಟರ್ ದೂರದ ಹೊಸೂರು ಹೊರಗುಳಿಯುತ್ತದೆ. ಮಂಗಳೂರಿನವರ ಪಟ್ಟಿಯಲ್ಲಿ ಕಾಸರಗೋಡಿನ ಕನ್ನಡದ ಮನೆ ಕಾಣುವುದಿಲ್ಲ, ಕಲಬುರಗಿಯವರಿಗೆ ಅಕ್ಕಲಕೋಟೆ, ಸೊಲ್ಲಾಪುರದ ಮನೆಗಳು ಕಾಣುವುದಿಲ್ಲ. ಅಲ್ಲಿಗೆ ಹೆಣ್ಣು ಕೊಟ್ಟು ತಂದುಕೊಂಡ ತಲೆಮಾರುಗಳ ನೆಂಟಸ್ತಿಕೆ ಇರುವಾಗಲೂ ಹೀಗಾಗುತ್ತದೆ ಎಂಬುದು ನನಗೆ ಬೇಸರದ ಸಂಗತಿ. ಮಾತೃಭಾಷೆಯ ಪಟ್ಟಿಯಲ್ಲಿ ತುಳು, ಕೊಂಕಣಿ ಬೇರೆಯೇ ಇರುವುದರಿಂದ, ಕನ್ನಡ ಎಂದಷ್ಟೇ ಆರಿಸಿದ ಉಡುಪಿಯ ಮನೆಯವರು ತಮ್ಮ ಬೀದಿಯ ಅರ್ಧ ಜನರನ್ನು ಅರಿಯದೆಯೇ ಬಿಟ್ಟಿರುತ್ತಾರೆ.

ಡೇಟಿಂಗ್ ಆಪ್‌ಗಳಲ್ಲಿ ದೂರ ನಿಜಕ್ಕೂ ಕಿಲೋಮೀಟರಿನಲ್ಲೇ ಇರುತ್ತದೆ, ಫೋನ್ ಇರುವ ಜಾಗದಿಂದ ನೇರ ಗೆರೆ ಎಳೆದಂತೆ. ಅಲ್ಲಿ 20ರಿಂದ 40ಕ್ಕೆ ಏರಿಸಿದರೆ ವೃತ್ತದ ವಿಸ್ತಾರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಉಡುಪಿಯಲ್ಲಿ ಕುಳಿತು ಏರಿಸಿದರೆ ಹೆಚ್ಚೂಕಡಿಮೆ ಅರ್ಧ ವೃತ್ತ ಅರಬ್ಬೀ ಸಮುದ್ರದಲ್ಲಿ ಬೀಳುತ್ತದೆ. ಮದುವೆಗೆಂದು ಹುಡುಕುವ ಮನೆಗಳಿಗೆ ಈ ಲೆಕ್ಕ ಅಷ್ಟಾಗಿ ಬೇಕಾಗುವುದಿಲ್ಲ.

ತುಂಬದೆ ಬಿಟ್ಟ ವಿವರಗಳಿಗೆ ಬರುತ್ತೇನೆ. ಆದಾಯವನ್ನು ಹೇಳಿಕೊಳ್ಳುವುದು ಸಂಕೋಚವೆಂದು ಖಾಲಿ ಬಿಡುತ್ತಾರೆ. ಯಾರಾದರೂ ಆದಾಯಕ್ಕೆ ಕನಿಷ್ಠ ಮಿತಿ ಹಾಕಿ ಹುಡುಕಿದರೆ ಖಾಲಿ ಬಿಟ್ಟವರು ಪಟ್ಟಿಯಿಂದ ಬೀಳಬಹುದು, ಅವರು ಎಷ್ಟೇ ಗಳಿಸುತ್ತಿರಲಿ. ಕುಜದೋಷದ ಪ್ರಶ್ನೆಗೆ 'ಗೊತ್ತಿಲ್ಲ' ಎಂದು ಬಿಟ್ಟವರೂ 'ದೋಷವಿಲ್ಲದವರು' ಎಂಬ ಹುಡುಕಾಟದಲ್ಲಿ ಸಿಗದೆ ಹೋಗಬಹುದು. ಈ ಒಂದು ಫಿಲ್ಟರ್ ಎಷ್ಟು ದೊಡ್ಡದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ದಕ್ಷಿಣದ ಪದ್ಧತಿಯಲ್ಲಿ ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಹನ್ನೆರಡರಲ್ಲಿ ಐದು ಮನೆಗಳು, ಅಂದರೆ ಪರಿಹಾರಗಳನ್ನು ಲೆಕ್ಕಿಸದಿದ್ದರೆ ಸುಮಾರು ಐದರಲ್ಲಿ ಎರಡು ಜಾತಕ. ಚಂದ್ರನಿಂದಲೂ ಎಣಿಸುವವರಿಗೆ ಇನ್ನೂ ಹೆಚ್ಚು. ಜೋಯಿಸರ ಬಳಿ ಹೋದರೆ ಸ್ವಕ್ಷೇತ್ರ, ಉಚ್ಚ ಎಂದು ನೋಡಿ ದೋಷವಿಲ್ಲ ಎಂದುಬಿಡುವ ಜಾತಕಗಳೂ ಇವುಗಳಲ್ಲಿ ಬೇಕಾದಷ್ಟಿರುತ್ತವೆ. ಆದ್ದರಿಂದ ಜಾತಕ ನಂಬುವ ಮನೆಯವರಿಗೂ ನಾನು ಹೇಳುವುದು: ಕುಜದೋಷವನ್ನು ಫಿಲ್ಟರ್‌ನಲ್ಲಿ ಹಾಕಬೇಡಿ, ಜಾತಕ ಕೈಗೆ ಬಂದ ಮೇಲೆ ತೋರಿಸಿ.

ಪಟ್ಟಿಯಲ್ಲಿ ಒಂದು ಆಯ್ಕೆ ಇದೆ ಎಂಬ ಕಾರಣಕ್ಕೇ ಅದನ್ನು ಒತ್ತುವ ಅಭ್ಯಾಸ ನಮಗೆ ಅಂಟಿದೆ. ಶಾದಿ ಡಾಟ್ ಕಾಮ್ ತಾಣದಲ್ಲಿ ಚರ್ಮದ ಬಣ್ಣವನ್ನು ಆರಿಸುವ ಫಿಲ್ಟರ್ ಇತ್ತು. 2020ರಲ್ಲಿ ಬಳಕೆದಾರರು ಆನ್‌ಲೈನ್ ಮನವಿ ಸಲ್ಲಿಸಿದ ಮೇಲೆ ಅದನ್ನು ತೆಗೆದರು. ಅದನ್ನು ಅಷ್ಟು ಕಾಲ ಇರಗೊಟ್ಟಿದ್ದೇ ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ.

ಇವೆಲ್ಲ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕಟ್ಟುತ್ತೇನೆ. ದಾವಣಗೆರೆಯ ಹುಡುಗಿ, ಮೂವತ್ತೊಂದು, ಐದು ಅಡಿ ಆರು ಅಂಗುಲ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ವಾಸದ ಊರು ಹೊಸೂರು ಎಂದಿದೆ, ಜಾತಕದ ಭಾಗ ಖಾಲಿ. ಅವಳಿಗೆ ಎಲ್ಲ ರೀತಿಯಿಂದಲೂ ಹೊಂದುವ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ಅವನಿಗೆ ಯಲಹಂಕಕ್ಕಿಂತ ಹೊಸೂರು ಹತ್ತಿರ. ಅವನ ತಂದೆ ಹಾಕಿರುವುದು: ವಯಸ್ಸು 25ರಿಂದ 30, ಎತ್ತರ ಐದು ಅಡಿ ಐದು ಅಂಗುಲದವರೆಗೆ, ರಾಜ್ಯ ಕರ್ನಾಟಕ, ಕುಜದೋಷ ಇಲ್ಲ. ವಯಸ್ಸಿನಲ್ಲಿ ಒಂದು ವರ್ಷ, ಎತ್ತರದಲ್ಲಿ ಒಂದು ಅಂಗುಲ, ನಡುವೆ ಒಂದು ಗಡಿ, ಒಂದು ಖಾಲಿ ಜಾಗ. ಇವುಗಳಲ್ಲಿ ಯಾವುದೇ ಒಂದೂ ಅವಳನ್ನು ಪಟ್ಟಿಯಿಂದ ತೆಗೆಯಲು ಸಾಕು, ಆದ್ದರಿಂದ ಒಂದನ್ನೇ ಸರಿಪಡಿಸಿದರೆ ಫಲ ಕಾಣುವುದಿಲ್ಲ. ಮೊಬೈಲ್ ಹಿಡಿದು ಸಡಿಲಿಸುತ್ತಾ ಕುಳಿತವರು ನಿರಾಶರಾಗುವುದು ಇಲ್ಲಿಯೇ.

ಹಾಗಾದರೆ ಮಾಡಬೇಕಾದದ್ದೇನು? ಮದುವೆಗೆ ಹುಡುಕುತ್ತಿರುವ ಗಂಡುಮಗನಿರುವ ನೆಂಟರ ಮನೆಗೆ ಹೋಗಿ, ಅವರ ಖಾತೆಯಿಂದ ನಿಮ್ಮ ಮಗಳಂಥವಳನ್ನು ಹುಡುಕಿ ನೋಡಿ. ಮೊದಲು ಮಿತಿಗಳನ್ನೆಲ್ಲ ಹಾಕಿ, ನಂತರ ಒಂದನ್ನು ಮಾತ್ರ ತೆಗೆದು ಎಷ್ಟು ಹೆಸರುಗಳು ಬಂದವು ಎಂದು ಬರೆದುಕೊಳ್ಳಿ, ಅದನ್ನು ಮತ್ತೆ ಹಾಕಿ ಇನ್ನೊಂದನ್ನು ತೆಗೆಯಿರಿ. ಯಾವುದನ್ನು ತೆಗೆದಾಗ ಸಂಖ್ಯೆ ಥಟ್ಟನೆ ಏರುತ್ತದೆಯೋ ಆ ಮಿತಿಯೇ ಹೆಚ್ಚು ಜನರನ್ನು ಹೊರಗಿಡುತ್ತಿದೆ. ಎಲ್ಲವನ್ನೂ ತೆಗೆದರೂ ಮಗಳ ಹೆಸರು ಬರದಿದ್ದರೆ ಅವಳ ಪ್ರೊಫೈಲ್ ಅಡಗಿಸಿಟ್ಟಿದೆಯೇ, ಪರಿಶೀಲನೆ ಬಾಕಿ ಇದೆಯೇ ಎಂದು ನೋಡಿ.

ನಿಮ್ಮ ಖಾತೆಯಲ್ಲಿ ಖಾಲಿ ಇರುವ ಆದಾಯ, ಜಾತಕದ ಭಾಗಗಳನ್ನು ನಿಜವಿದ್ದಂತೆ ತುಂಬಿ. ವಾಸದ ಊರನ್ನು ಬದಲಿಸಿ ಬರೆಯಬೇಡಿ. ಮೊದಲ ಫೋನಿನಲ್ಲೇ ಸುಳ್ಳು ಸಿಕ್ಕಿಬೀಳುತ್ತದೆ. ಹೊರರಾಜ್ಯದಲ್ಲಿರುವವರು ಕಾದು ಕೂರದೆ ತಾವೇ ಹುಡುಕಿ ಆಸಕ್ತಿ ಕಳುಹಿಸುವುದು ಉತ್ತಮ, ಏಕೆಂದರೆ ಆ ಕಡೆಯವರ ದಿನದ ಪಟ್ಟಿಯಲ್ಲಿ ನೀವು ಇಲ್ಲದಿದ್ದರೂ ನೀವು ಕಳುಹಿಸಿದ ಆಸಕ್ತಿ ಅವರ ಯಾವುದಾದರೂ ಒಂದು ಪೆಟ್ಟಿಗೆಯನ್ನು ತಲುಪುತ್ತದೆ. ಕೆಲವು ತಾಣಗಳಲ್ಲಿ 'ನಿಮ್ಮಂಥವರನ್ನು ಹುಡುಕುತ್ತಿರುವವರು' ಎಂಬ ಪಟ್ಟಿ ಪ್ರತ್ಯೇಕವಾಗಿರುತ್ತದೆ. ಅಲ್ಲಿರುವವರ ಮಿತಿಯೊಳಗೆ ನಿಮ್ಮ ಮಗಳು ಈಗಾಗಲೇ ಇದ್ದಾಳೆ, ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿ.

ಸಂಪರ್ಕದ ಫಿಲ್ಟರ್‌ನಲ್ಲಿ ನೀವು ನಿಜವಾಗಿಯೂ ಬಿಟ್ಟುಕೊಡಲಾರದ ಒಂದೆರಡನ್ನು ಮಾತ್ರ ಇಟ್ಟು, ವಯಸ್ಸಿನ ಮೇಲಿನ ತುದಿಯನ್ನು 37ಕ್ಕೆ ತನ್ನಿ. ಬೇಡದವರ ಆಸಕ್ತಿಗಳು ಹೆಚ್ಚಾಗುತ್ತವೆ, ಅವುಗಳನ್ನು ನಿರಾಕರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಇದನ್ನೆಲ್ಲ ಮಾಡುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದನ್ನು ಬಿಟ್ಟುಕೊಡಬಹುದು ಎಂದು ಹೇಳಬೇಕಾದವಳು ಅವಳು. ಮೊದಲು ಆ 'ಫಿಲ್ಟರ್ ಆದವು' ಪೆಟ್ಟಿಗೆಯನ್ನು ಇಬ್ಬರೂ ಸೇರಿ ತೆರೆದು, ಹಳೆಯ ದಿನಾಂಕದವುಗಳಿಂದ ಓದುತ್ತಾ ಬನ್ನಿ. ಅವರಲ್ಲಿ ಉತ್ತರಕ್ಕಾಗಿ ಇನ್ನೂ ಕಾಯುತ್ತಿರುವವರು ಇರಬಹುದು.