ಮಲಗಿಸಿ ತೆಗೆದ ಮಂಡಿ, ನಿಲ್ಲಿಸಿ ತೆಗೆದ ಮಂಡಿ

ಮೂಳೆ ವೈದ್ಯರ ಕೊಠಡಿಯಿಂದ ಫೋನ್ ಬಂದಾಗ ಬೆಳಗಿನ ಹನ್ನೊಂದು ಗಂಟೆ. "ಸರ್, ಈ ಅಮ್ಮನ ಬಲ ಮಂಡಿಯ ಸವೆತಕ್ಕೆ ಗ್ರೇಡ್ ಎರಡು ಎಂದು ಬರೆದಿದ್ದೀರಿ. ಕಾಲು ಕಣ್ಣಿಗೆ ಕಾಣುವಷ್ಟು ಹೊರಕ್ಕೆ ಬಾಗಿದೆ. ಈ ಎಕ್ಸ್‌ರೇ ನಿಲ್ಲಿಸಿ ತೆಗೆದದ್ದೇ?" ನನಗೆ ಗೊತ್ತಿರಲಿಲ್ಲ. ವರದಿ ಬರೆಯುವಾಗ ನಾನು ಅದನ್ನು ಕೇಳಿಯೇ ಇರಲಿಲ್ಲ. ರೇಡಿಯಾಲಜಿಸ್ಟ್ ಆಗಿ ಹಲವು ವರ್ಷಗಳಾಗಿದ್ದರೂ ಮಂಡಿಯ ಚಿತ್ರವನ್ನು ಓದುವ ನನ್ನ ರೀತಿ ಬದಲಾದದ್ದು ಆ ದಿನದಿಂದ.

ಅಮ್ಮನ ವಯಸ್ಸು 68. ಬೆಳಿಗ್ಗೆ ಎದ್ದಾಗ ಮಂಡಿ ಹಿಡಿದುಕೊಳ್ಳುತ್ತದೆ, ಹತ್ತು ಹದಿನೈದು ನಿಮಿಷ ಓಡಾಡಿದರೆ ಸಡಿಲವಾಗುತ್ತದೆ. ನೆಲದ ಮೇಲೆ ಕುಳಿತರೆ ಏಳಲು ಯಾರಾದರೂ ಕೈಕೊಡಬೇಕು. ಬಲಗಾಲನ್ನು ಪೂರ್ತಿ ನೀಡಲು ಆಗುವುದಿಲ್ಲ. ಎಕ್ಸ್‌ರೇ ಕೊಠಡಿಯಲ್ಲಿ ನಿಲ್ಲುವುದು ಕಷ್ಟ ಎಂದು ಅವರು ಹೇಳಿದ್ದರಿಂದ ನಮ್ಮ ತಂತ್ರಜ್ಞ ಕರುಣೆಯಿಂದ ಮೇಜಿನ ಮೇಲೆ ಮಲಗಿಸಿ ಚಿತ್ರ ತೆಗೆದಿದ್ದರು. ಆ ಚಿತ್ರದಲ್ಲಿ ಮಂಡಿಯ ಒಳಭಾಗದಲ್ಲಿ, ಅಂದರೆ ಇನ್ನೊಂದು ಕಾಲಿನ ಕಡೆಯ ಬದಿಯಲ್ಲಿ, ಮೂಳೆಗಳ ನಡುವಿನ ಅಂತರ ಸುಮಾರು 4 ಮಿಲಿಮೀಟರ್ ಇತ್ತು. ಮೂಳೆಯ ಅಂಚಿನಲ್ಲಿ ಸ್ಪಷ್ಟವಾದ ಮುಳ್ಳುಗಳಿದ್ದವು. ನಾನು ಗ್ರೇಡ್ ಎರಡು ಎಂದು ಬರೆದೆ.

ಹಾಗೆ ಬರೆದದ್ದಕ್ಕೆ ಆಧಾರ ಇಲ್ಲದಿರಲಿಲ್ಲ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಕೀಲು ಸವೆತಕ್ಕೆ ಕೊಟ್ಟ ಶ್ರೇಣಿಯನ್ನೇ ನಾವು ಇಂದಿಗೂ ಬಳಸುತ್ತೇವೆ. ಸೊನ್ನೆ ಎಂದರೆ ಏನೂ ಇಲ್ಲ. ಒಂದು ಎಂದರೆ ಅನುಮಾನ. ಮೂಳೆಯ ಮುಳ್ಳು ಖಚಿತವಾಗಿ ಕಂಡರೆ ಎರಡು. ಅಂತರ ಕಡಿಮೆಯಾಗಿರಬಹುದು, ಆಗದೆಯೂ ಇರಬಹುದು. ಅಂತರ ಖಚಿತವಾಗಿ ಕಡಿಮೆಯಾಗಿ, ಮುಳ್ಳುಗಳು ಹಲವಾಗಿ, ಮೂಳೆ ಅಲ್ಲಲ್ಲಿ ಬಿಳುಪಾಗಿ ಗಟ್ಟಿಯಾಗಿದ್ದರೆ ಮೂರು. ಅಂತರ ಬಹಳ ಕಿರಿದಾಗಿ ಅಥವಾ ಇಲ್ಲವಾಗಿ, ಮುಳ್ಳುಗಳು ದೊಡ್ಡದಾಗಿ, ಮೂಳೆಯ ತುದಿಯ ಆಕಾರವೇ ಕೆಟ್ಟಿದ್ದರೆ ನಾಲ್ಕು. ಎರಡರಿಂದ ಮುಂದಕ್ಕೆ ಹೋಗಲು ಬೇಕಾದ ಮುಖ್ಯ ಸಾಕ್ಷಿ ಅಂತರ ಎಂಬುದನ್ನು ಗಮನಿಸಿ. ಮುಳ್ಳು ಮಲಗಿದರೂ ನಿಂತರೂ ಅಷ್ಟೇ ಇರುತ್ತದೆ. ಅಂತರ ಹಾಗಲ್ಲ.

ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಕಾಣುವ ಕಪ್ಪು ಪಟ್ಟಿಯನ್ನು ನೋಡಿ ಅಲ್ಲಿ ಮೃದ್ವಸ್ಥಿ ಎಷ್ಟು ಉಳಿದಿದೆ ಎಂದು ನಾವು ಊಹಿಸುತ್ತೇವೆ, ಅಷ್ಟೇ. ಮಲಗಿದಾಗ ಮಂಡಿಯ ಮೇಲೆ ಭಾರವಿಲ್ಲ. ಸವೆದ ಎರಡು ಮೇಲ್ಮೈಗಳ ನಡುವೆ ಬಿರುಕು ಬಿಟ್ಟಂತೆ ಜಾಗ ಉಳಿಯುತ್ತದೆ, ಅದನ್ನು ನೋಡಿ ಮೃದ್ವಸ್ಥಿ ಇದೆ ಎಂದು ಮೋಸಹೋಗುತ್ತೇವೆ. ನಿಂತಾಗ ಮೈಭಾರ ಬಿದ್ದು ಆ ಜಾಗ ಮುಚ್ಚುತ್ತದೆ. ಸ್ವೀಡನ್ನಿನ ರೇಡಿಯಾಲಜಿಸ್ಟ್ ಆಲ್‌ಬೆಕ್ 1968ರಲ್ಲಿ ತಮ್ಮ ಶ್ರೇಣಿಯನ್ನು ಭಾರ ಬಿದ್ದ ಮಂಡಿಯ ಚಿತ್ರದ ಮೇಲೆಯೇ ಕಟ್ಟಿದರು. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದೂ ಚಿತ್ರದ ಮೂಲೆಯಲ್ಲಿ 'ನಿಂತು' ಎಂಬ ಗುರುತು ಇದೆಯೇ ಎಂದು ನೋಡುವ ಅಭ್ಯಾಸ ಬೆಳೆಸಿಕೊಂಡಿರಲಿಲ್ಲ.

ಅಮ್ಮನನ್ನು ಮತ್ತೆ ಕರೆಸಿದೆವು. ಈ ಸಲ ನಾನೇ ಕೊಠಡಿಯೊಳಗೆ ನಿಂತೆ. ಅವರು ಸ್ಟ್ಯಾಂಡಿಗೆ ಬೆನ್ನು ಕೊಟ್ಟು, ಪಕ್ಕದ ಹಿಡಿಯನ್ನು ಹಿಡಿದು ನಿಂತರು. ನಿಂತರು ಎಂದೆನೇ ಹೊರತು ಭಾರವೆಲ್ಲ ನೋವಿಲ್ಲದ ಎಡಗಾಲಿನ ಮೇಲಿತ್ತು. "ಅಮ್ಮಾ, ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲಿ, ನಾವು ಹಿಡಿದುಕೊಳ್ಳುತ್ತೇವೆ, ಒಂದೇ ನಿಮಿಷ" ಎಂದು ಮಗಳ ನೆರವಿನಿಂದ ನಿಲ್ಲಿಸಿದೆವು. ಚಿತ್ರ ಬಂತು. ಒಳಭಾಗದ ಅಂತರ 4ರಿಂದ ಸುಮಾರು 2 ಮಿಲಿಮೀಟರಿಗೆ ಇಳಿದಿತ್ತು. ಗ್ರೇಡ್ ಮೂರು ಎಂದು ತಿದ್ದಿ ಕಳುಹಿಸಿದರೆ ಮುಗಿಯಿತು ಎಂದು ನನಗೆ ಅನ್ನಿಸಿತು.

ತಡೆದದ್ದು ತಂತ್ರಜ್ಞ. "ಸರ್, ಕೆಳಗಿನ ಮೂಳೆಯ ಅಂಚು ಎರಡು ಗೆರೆಯಾಗಿ ಬಂದಿದೆ ನೋಡಿ" ಎಂದರು. ಅವರು ಹೇಳಿದ್ದು ಸರಿ. ಕಣಕಾಲಿನ ಮೂಳೆಯ ಮೇಲ್ಭಾಗ ಚಪ್ಪಟೆ ತಟ್ಟೆಯಂತಿದೆ. ಕಿರಣ ಆ ತಟ್ಟೆಗೆ ಸಮಾನಾಂತರವಾಗಿ ಹೋದರೆ ಅದರ ಮುಂದಿನ ಅಂಚೂ ಹಿಂದಿನ ಅಂಚೂ ಒಂದರ ಮೇಲೊಂದು ಕುಳಿತು ಒಂದೇ ಗೆರೆಯಾಗುತ್ತದೆ. ಓರೆಯಾಗಿ ಹೋದರೆ ಎರಡು ಗೆರೆ. ಗೆರೆಗಳ ನಡುವೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಜಾಗವಿದ್ದರೆ ಆ ಚಿತ್ರದ ಅಳತೆಯನ್ನು ನಾನು ಈಗ ನಂಬುವುದಿಲ್ಲ. ಅಂದು ನಾನು ಅಳೆದದ್ದು ಕೆಳಗಿನ ಗೆರೆಯವರೆಗೆ. ಅಂದರೆ ಇಲ್ಲದ ಅಂತರವನ್ನೂ ಸೇರಿಸಿ ಅಳೆದಿದ್ದೆ.

ಕಾರಣ ಅಮ್ಮನ ಬಿಗಿದ ಮಂಡಿಯಲ್ಲೇ ಇತ್ತು. ಕಾಲು ಪೂರ್ತಿ ನೀಡದ ಕಾರಣ ಮಂಡಿ ಮುಂದಕ್ಕೆ ಬಾಗಿತ್ತು, ಕಣಕಾಲು ಮುಂದಕ್ಕೆ ವಾಲಿತ್ತು, ತಟ್ಟೆಯ ಮುಂದಿನ ಅಂಚು ಕೆಳಗಿಳಿದಿತ್ತು. ನೇರ ಕಾಲಿಗೆಂದು ಇಟ್ಟ ಅಡ್ಡ ಕಿರಣ ಈ ಕಾಲಿಗೆ ಹೊಂದುವುದಿಲ್ಲ. ಆದ್ದರಿಂದ ಅವರನ್ನು ತಿರುಗಿಸಿ ಸ್ಟ್ಯಾಂಡಿಗೆ ಮುಖ ಮಾಡಿ ನಿಲ್ಲಿಸಿದೆವು. ಹೆಬ್ಬೆರಳ ತುದಿ, ಮಂಡಿಚಿಪ್ಪು, ತೊಡೆ ಮೂರೂ ಪ್ಲೇಟಿಗೆ ತಾಗಬೇಕು. ಪಾದಗಳು ಸ್ವಲ್ಪ ಹೊರಮುಖವಾಗಿರಬೇಕು. ಹಾಗೆ ನಿಂತರೆ ಮಂಡಿ ತಾನಾಗಿ ಇಪ್ಪತ್ತು ಮೂವತ್ತು ಡಿಗ್ರಿ ಬಾಗುತ್ತದೆ. ಕಿರಣವನ್ನು ಹಿಂದಿನಿಂದ, ಹತ್ತು ಡಿಗ್ರಿ ಕೆಳಮುಖವಾಗಿ ಬಿಟ್ಟೆವು. ನೀಡಲಾಗದ ಮಂಡಿಗೆ ಈ ಭಂಗಿ ಕಷ್ಟವೇ ಅಲ್ಲ, ಬಾಗಿದ್ದನ್ನು ಬಾಗಿದಂತೆಯೇ ಬಿಡುತ್ತೇವೆ. ಪ್ಲೇಟನ್ನು ಹಿಡಿದು ನಿಲ್ಲುವುದರಿಂದ ಅಮ್ಮನಿಗೆ ಭಯವೂ ಕಡಿಮೆಯಾಯಿತು. ಇನ್ನೊಂದು ಲಾಭವಿದೆ: ಬಾಗಿದ ಮಂಡಿಯಲ್ಲಿ ತೊಡೆಮೂಳೆಯ ಹಿಂಭಾಗ ಭಾರ ಹೊರುತ್ತದೆ. ಹಲವರಲ್ಲಿ ಸವೆತ ಹೆಚ್ಚಾಗಿರುವುದು ಅಲ್ಲಿಯೇ.

ಮೂರನೆಯ ಚಿತ್ರದಲ್ಲಿ ಅಂಚು ಒಂದೇ ಗೆರೆ. ಒಳಭಾಗದಲ್ಲಿ ಮೂಳೆ ಮೂಳೆಗೆ ತಾಗಿತ್ತು. ತಾಗಿದ ಕಡೆ ಮೂಳೆ ಬಿಳುಪಾಗಿ ಗಟ್ಟಿಯಾಗಿತ್ತು, ಒಳ ಅಂಚು ಸವೆದು ತಗ್ಗಾಗಿತ್ತು, ಮುಳ್ಳು ಕೊಕ್ಕಿನಂತೆ ಚಾಚಿತ್ತು. ಗ್ರೇಡ್ ನಾಲ್ಕು. ಒಂದೇ ಮಂಡಿ ಎರಡರಿಂದ ನಾಲ್ಕಕ್ಕೆ ಹೋದದ್ದು ರೋಗ ಬೆಳೆದು ಅಲ್ಲ, ನಾವು ನೋಡಿದ ರೀತಿ ಬದಲಾಗಿ.

ಅದೇ ಚಿತ್ರದಲ್ಲಿ ಎಡ ಮಂಡಿಯೂ ಇತ್ತು. ಅದು ಮೂರನೆಯ ಗ್ರೇಡ್. ಅಮ್ಮನಿಗೆ ಅಲ್ಲಿ ನೋವೇ ಇರಲಿಲ್ಲ. ಇದು ಅಪರೂಪವಲ್ಲ, ಚಿತ್ರದ ಗ್ರೇಡಿಗೂ ನೋವಿಗೂ ಲೆಕ್ಕ ತಾಳೆಯಾಗಬೇಕೆಂದಿಲ್ಲ. ಆದ್ದರಿಂದ ಮೂಳೆ ವೈದ್ಯರು ಎಡ ಮಂಡಿಯ ಚಿತ್ರಕ್ಕೆ ಚಿಕಿತ್ಸೆ ಮಾಡಲು ಹೋಗಲಿಲ್ಲ. ಬಲ ಮಂಡಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಎಡಗೈಯಲ್ಲಿ ಊರುಗೋಲು ಹೇಳಿದರು. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತನ್ನು ಮಗಳೊಂದಿಗೆ ಕುಳಿತು ಆಡಿದರು. ಗ್ರೇಡ್ ಎರಡರ ವರದಿ ಕೈಯಲ್ಲಿದ್ದಿದ್ದರೆ ಆ ಮಾತು ಅಂದು ಬರುತ್ತಲೇ ಇರಲಿಲ್ಲ.

ಈಗ ನನ್ನ ಮಂಡಿ ವರದಿಯ ಮೊದಲ ಸಾಲು ಗ್ರೇಡ್ ಅಲ್ಲ. 'ನಿಂತು, ಎರಡೂ ಕಾಲಿನ ಮೇಲೆ ಭಾರ, ಮಂಡಿ ಬಾಗಿಸಿ, ಅಂಚು ಒಂದೇ ಗೆರೆ' ಎಂದು ಬರೆಯುತ್ತೇನೆ. ನಿಜವಾಗಿಯೂ ನಿಲ್ಲಲಾಗದವರ ಚಿತ್ರವಾದರೆ 'ಮಲಗಿಸಿ ತೆಗೆದದ್ದು, ಅಂತರದ ಅಳತೆ ನಂಬುವಂಥದ್ದಲ್ಲ' ಎಂದು ಬರೆದು, ಮುಳ್ಳಿನ ವಿಷಯವನ್ನಷ್ಟೇ ಹೇಳುತ್ತೇನೆ. ತಂತ್ರಜ್ಞರು ಸ್ಟ್ಯಾಂಡಿನ ಕೆಳಗೆ ನೆಲದ ಮೇಲೆ ಪಾದಗಳ ಗುರುತನ್ನು ಹಳದಿ ಟೇಪಿನಲ್ಲಿ ಅಂಟಿಸಿದ್ದಾರೆ. ಆ ಅಮ್ಮ ಮುಂದಿನ ಸಲ ಬಂದಾಗ ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು ಆ ಗುರುತಿನ ಮೇಲೆ ನಿಂತರು.