ಕ್ಯಾಪಿಟಲ್ ಅಕ್ಷರ ನಂಬಿ ಕೊಟ್ಟ ಹೆಸರು

ಆ ಇಂಟರ್‌ವ್ಯೂ ಮುಗಿದು ತಿಂಗಳುಗಳೇ ಆದವು. ಆದರೂ ಯಾರದಾದರೂ ಪೋರ್ಟ್‌ಫೋಲಿಯೊ ಲಿಂಕ್ ತೆರೆಯುವಾಗ ಆ ಹುಡುಗನ ಮುಖ ನೆನಪಾಗುತ್ತದೆ. ತಪ್ಪು ಅವರದ್ದಲ್ಲ, ನನ್ನದು.

ನಾನು ರೆಕ್ರೂಟರ್. ಫ್ರೆಷರ್ ಡ್ರೈವ್ ಇರುವ ವಾರಗಳಲ್ಲಿ ಟ್ರ್ಯಾಕರ್ ತುಂಬಿಸುವುದೇ ಕೆಲಸ. ಇಷ್ಟು ಪ್ರೊಫೈಲ್ ಸಂಜೆಯೊಳಗೆ ಪ್ಯಾನೆಲ್‌ಗೆ ಹೋಗಲೇಬೇಕು ಎಂದು ಮೇಲಿನಿಂದ ಒತ್ತಡ. ಒಂದು ರೆಸ್ಯೂಮೆಗೆ ಐದು ನಿಮಿಷ ಜಾಸ್ತಿ ಕೊಟ್ಟರೂ ಕೇಳುತ್ತಾರೆ. ಅಂಥ ಒಂದು ದಿನ ಈ ಹುಡುಗ ಸಿಕ್ಕರು. ಅಸಲಿ ಹೆಸರು ಬೇಡ, ಅದೇ ಅಚ್ಚಿನ ಇನ್ನೊಂದು ಹೆಸರು ಇಟ್ಟುಕೊಳ್ಳೋಣ: ಸುರೇಶ್.

ಕೋಡ್ ಚೆನ್ನಾಗಿತ್ತು. ಆದರೆ GitHub ಯೂಸರ್‌ನೇಮ್ ಕಾಲೇಜು ದಿನಗಳ ಅಡ್ಡಹೆಸರು, ಕೊನೆಗೆ ಹುಟ್ಟಿದ ವರ್ಷ. "ಇದನ್ನು ಬದಲಿಸಿ, ಪ್ಯಾನೆಲ್ ನೋಡುತ್ತೆ" ಎಂದೆ. "ಬರೀ suresh ಸಿಗ್ತಿಲ್ಲ ಮೇಡಂ, ಏನು ಇಡಲಿ?" ಎಂದು ಕೇಳಿದರು. ನಾನು ನೋಟ್‌ಪ್ಯಾಡ್‌ನಲ್ಲಿ ಬರೆದು ಕ್ಯಾಮೆರಾಗೆ ತೋರಿಸಿದೆ: SureshIT. ಹೆಸರೂ ಇದೆ, ಕ್ಷೇತ್ರವೂ ಇದೆ. ಇಬ್ಬರಿಗೂ ಒಪ್ಪಿಗೆಯಾಯಿತು. ಅವರು ಅಂದೇ ಹೆಸರು ಬದಲಿಸಿ, ತಮ್ಮ ಸೈಟನ್ನೂ ಅದೇ ಹೆಸರಿಗೆ ತಂದು, ರೆಸ್ಯೂಮೆಯಲ್ಲಿ ಹಾಕಿ ಕಳಿಸಿದರು.

ನಾನು ಯೋಚಿಸದೆ ಬಿಟ್ಟದ್ದು ಒಂದೇ ವಿಷಯ. ಆ ಹೆಸರನ್ನು ಸರಿಯಾಗಿ ಓದಿಸುತ್ತಿದ್ದದ್ದು ಕೊನೆಯ ಎರಡು ಕ್ಯಾಪಿಟಲ್ ಅಕ್ಷರಗಳು ಮಾತ್ರ. ಡೊಮೈನ್ ಹೆಸರಿನಲ್ಲಿ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಭೇದವೇ ಇಲ್ಲ. ನೀವು ಹೇಗೆ ಟೈಪ್ ಮಾಡಿದರೂ ಬ್ರೌಸರ್ ಆ ಭಾಗವನ್ನು ಸಣ್ಣಕ್ಷರದಲ್ಲೇ ತೋರಿಸುತ್ತದೆ. ಪ್ರೊಫೈಲ್ ಪುಟದಲ್ಲಿ SureshIT ಎಂದೇ ಕಂಡರೂ ಸೈಟಿನ ವಿಳಾಸ ಕಾಣುವುದು ಹೀಗೆ:

```
sureshit.github.io
```

ನಾಲ್ಕನೇ ಅಕ್ಷರದ ನಂತರ ತುಂಡು ಮಾಡಿ ಓದಿ. ಇಂಗ್ಲಿಷ್ ಬೈಗುಳ ಎದ್ದು ಕಾಣುತ್ತದೆ. ಮಹೇಶ್, ರಮೇಶ್, ಗಣೇಶ್, ಹೀಗೆ "ಶ್" ಎಂದು ಮುಗಿಯುವ ಯಾವ ಹೆಸರಿಗೆ it ಅಂಟಿಸಿದರೂ ಆ ಪದ ಒಳಗೆ ಹುಟ್ಟುತ್ತದೆ. ಸುರೇಶ್‌ಗೆ ಇನ್ನೂ ಕೆಟ್ಟದಾಯಿತು. ಮುಂದಿನ ನಾಲ್ಕು ಅಕ್ಷರವೂ ಒಂದು ಇಂಗ್ಲಿಷ್ ಪದವೇ ಆಗಿದ್ದರಿಂದ ಇಡೀ ಹೆಸರು ಒಂದು ವಾಕ್ಯದ ಹಾಗೆ ಓದಿಸಿಕೊಂಡಿತು.

ಎರಡನೇ ರೌಂಡ್. ಪ್ಯಾನೆಲ್‌ನಲ್ಲಿ ಮೂವರು. ಪರಿಚಯ ಮಾಡಿಸಿ ಹೊರಡುವುದು ನನ್ನ ಕೆಲಸ. ಲೀಡ್ ಸ್ಕ್ರೀನ್ ಶೇರ್ ಮಾಡಿ ಸೈಟ್ ತೆರೆದರು. ವಿಳಾಸ ಮೇಲೆ ಕಂಡಿತು. ಒಬ್ಬರು ಕ್ಯಾಮೆರಾ ಆಫ್ ಮಾಡಿದರು, ಇನ್ನೊಬ್ಬರು ಮೈಕ್ ಮ್ಯೂಟ್ ಮಾಡಿದರು. ಯಾಕೆ ಅಂತ ಆಗ ನನಗೆ ಹೊಳೆಯಿತು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಲೀಡ್ ಮೆತ್ತಗೆ ಕೇಳಿದರು: "ಈ ಹೆಸರು ಬೇಕಂತಲೇ ಇಟ್ಟಿದ್ದಾ?"

"ಹೌದು ಸರ್. ನನ್ನ ಹೆಸರು ಸುರೇಶ್, ಐಟಿ ನನ್ನ ಕ್ಷೇತ್ರ" ಎಂದರು ಅವರು, ಹೆಮ್ಮೆಯಿಂದಲೇ. ಯಾರೂ ಮಾತಾಡಲಿಲ್ಲ. ಆಮೇಲೆ ಅವರ ಕಣ್ಣು ಆ ವಿಳಾಸದ ಮೇಲೆ ನಿಂತಿತು. ಅಕ್ಷರ ಅಕ್ಷರವಾಗಿ ಓದುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಮುಂದಿನ ಎರಡು ಪ್ರಶ್ನೆಗೆ ಅವರಿಂದ ಉತ್ತರವೇ ಹೊರಡಲಿಲ್ಲ.

ಅದು ನಾನು ಕೊಟ್ಟ ಹೆಸರು ಎಂದು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಭಾಗ ಮುಗಿಯಿತು ಎಂದು ಕಾಲ್ ಬಿಟ್ಟು ಹೊರಟೆ. ಹೆಸರು ಕೊಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು. ಫೀಡ್‌ಬ್ಯಾಕ್ "ಹೋಲ್ಡ್" ಎಂದು ಬಂದಾಗ ಲೀಡ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಇನ್ನೊಮ್ಮೆ ಕರೆಯೋಣ ಎಂದು ಅವರು ಒಪ್ಪಿದರು. ಸಂಜೆ ಸುರೇಶ್ ಹತ್ತಿರವೂ ಕ್ಷಮೆ ಕೇಳಿದೆ.

ಹೆಸರು ಮತ್ತೆ ಬದಲಿಸಲು ಕೂತಾಗಲೇ ಗೊತ್ತಾಯಿತು, ಇದು ಹೆಸರು ಅಳಿಸಿ ಬರೆದಷ್ಟು ಸುಲಭ ಅಲ್ಲ ಅಂತ. ಹಳೆಯ ರೆಪೊಸಿಟರಿ ಲಿಂಕ್‌ಗಳನ್ನು GitHub ಹೊಸ ಹೆಸರಿಗೆ ತಾನೇ ಕಳಿಸುತ್ತದೆ. ಆದರೆ ಹಳೆಯ ಪ್ರೊಫೈಲ್ ಲಿಂಕ್ ಒತ್ತಿದರೆ 404. ಹಳೆಯ github.io ವಿಳಾಸವೂ ಹೊಸದಕ್ಕೆ ಒಯ್ಯುವುದಿಲ್ಲ. ಸೈಟಿನ ರೆಪೊಸಿಟರಿಗೂ ಕೈಯಾರೆ ಹೊಸ ಹೆಸರು ಇಡಬೇಕು. ಅಷ್ಟೇ ಅಲ್ಲ, ಬಿಟ್ಟ ಹೆಸರನ್ನು ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರು ಅದೇ ಹೆಸರಿನ ರೆಪೊಸಿಟರಿ ಮಾಡಿದರೆ ನಿಮ್ಮ ಹಳೆಯ ಲಿಂಕ್ ಅವರಲ್ಲಿಗೆ ಹೋಗುತ್ತದೆ. ಸುರೇಶ್ ಅಷ್ಟರಲ್ಲಿ ಆರು ಕಡೆ ರೆಸ್ಯೂಮೆ ಕಳಿಸಿದ್ದರು. ಆರಕ್ಕೂ ಹೊಸ ಪಿಡಿಎಫ್ ಕಳಿಸಿದೆವು. ನಮ್ಮ ಟ್ರ್ಯಾಕರ್‌ನಲ್ಲಂತೂ ಒಮ್ಮೆ ಹಾಕಿದ ಲಿಂಕ್ ತಿದ್ದಲು ಟಿಕೆಟ್ ಹಾಕಬೇಕು. ಅದಕ್ಕೇ ಎರಡು ದಿನ ಹೋಯಿತು. ಅದಕ್ಕೇ ಹೇಳುವುದು, ಅರ್ಜಿ ಹಾಕಲು ಶುರು ಮಾಡುವ ಮುಂಚೆಯೇ ಹೆಸರು ಗಟ್ಟಿ ಮಾಡಿಕೊಳ್ಳಿ.

ಹೊಸ ಹೆಸರಿಗೆ ಈ ಸಲ ಅವಸರ ಮಾಡಲಿಲ್ಲ. ಮೊದಲು it ಕಿತ್ತೆವು. dev, java ಥರದ ಬಾಲ ನನಗೆ ಈಗಲೂ ಇಷ್ಟವಿಲ್ಲ. ಕೆಲಸ ಬದಲಾದ ದಿನ ಅದು ಸುಳ್ಳಾಗುತ್ತದೆ, ಅಲ್ವಾ. ಉಳಿದದ್ದು ಇನಿಷಿಯಲ್. ಅಲ್ಲೂ ಸುಮ್ನೆ ಅಂಟಿಸುವ ಹಾಗಿಲ್ಲ. ಆಶಾ ಎಂಬುವರ ಇನಿಷಿಯಲ್ ಎಸ್ ಎಸ್ ಆದರೆ ashass ಎಂದಾಗುತ್ತದೆ, ಕೊನೆಯ ಮೂರು ಅಕ್ಷರ ನೋಡಿ. ಇಂಗ್ಲಿಷ್ ಒಂದೇ ಅಲ್ಲ, ಕನ್ನಡದ ಕಿವಿಯೂ ಬೇಕು. ಚಿತ್ರ ಬರೆಯುವ ಸ್ವಾತಿ ಎಂಬುವರು swatikala ಎಂದು ಇಟ್ಟರೆ, ನಾಲ್ಕನೆಯದರಿಂದ ಏಳನೆಯ ಅಕ್ಷರದವರೆಗೆ ಕನ್ನಡದಲ್ಲಿ ಓದಿ ನೋಡಿ.

ನಾವು ಮಾಡಿದ್ದು ಇಷ್ಟು. ಹೆಸರನ್ನು ಸಣ್ಣಕ್ಷರದಲ್ಲಿ, ಜಾಗ ಬಿಡದೆ ಬರೆದೆವು. ಒಂದೊಂದು ಅಕ್ಷರದ ನಂತರವೂ ಗೆರೆ ಎಳೆದು ಎರಡೂ ತುಂಡು ಓದಿದೆವು. ಎಂಟು ಅಕ್ಷರಕ್ಕೆ ಏಳೇ ಗೆರೆ, ಎರಡು ನಿಮಿಷದ ಕೆಲಸ. ಆಮೇಲೆ ನಡುವಿನ ತುಂಡುಗಳನ್ನೂ ನೋಡಿದೆವು. ಪದ ಎಲ್ಲಿ ಒಡೆಯುತ್ತದೆ ಎಂದು ಓದುವವರಿಗೆ ಹೈಫನ್ ಹೇಳಿಕೊಡುತ್ತದೆ. GitHub‌ನಲ್ಲಿ ಹೈಫನ್‌ಗೆ ಅವಕಾಶವಿದೆ, ಅಂಡರ್‌ಸ್ಕೋರ್‌ಗೆ ಇಲ್ಲ. ಹೈಫನ್ ಮೊದಲಲ್ಲೋ ಕೊನೆಯಲ್ಲೋ ಬರುವ ಹಾಗಿಲ್ಲ, ಎರಡು ಒಟ್ಟಿಗೂ ಬರುವ ಹಾಗಿಲ್ಲ. ಕೊನೆಗೆ ಉಳಿದದ್ದು suresh-kn.

ಒಂದು ಮಾತು ಇಲ್ಲೇ ಹೇಳಬೇಕು. ರಕ್ಷಿತ್, ಹರ್ಷಿತಾ, ದೀಕ್ಷಿತ್ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಅವುಗಳೊಳಗೂ ಅದೇ ನಾಲ್ಕು ಅಕ್ಷರ ಇವೆ. ಅವರು ಹೆಸರು ಬದಲಿಸಬೇಕು ಎಂದು ನಾನು ಹೇಳುತ್ತಿಲ್ಲ, ಯಾರೂ ಹೇಳಬಾರದು. ಹೆಸರು ಹೆಸರಾಗಿಯೇ ಓದಿಸಿಕೊಳ್ಳುತ್ತದೆ. ಅಂಥ ಹೆಸರನ್ನು ಫಿಲ್ಟರ್ ತಡೆದರೆ ತಪ್ಪು ಫಿಲ್ಟರಿನದು. 1996ರಲ್ಲಿ ಇಂಗ್ಲೆಂಡಿನ Scunthorpe ಊರಿನವರು AOL ಖಾತೆ ತೆರೆಯಲಾಗದೆ ಪರದಾಡಿದ್ದರು. ಊರಿನ ಹೆಸರಿನೊಳಗೆ ಫಿಲ್ಟರಿಗೆ ಒಂದು ಬೈಗುಳ ಕಂಡಿತ್ತು. ಹುಟ್ಟಿನಿಂದ ಬಂದ ಹೆಸರು ಬೇರೆ, ನಾವೇ ಅಂಟಿಸಿ ಮಾಡಿಕೊಂಡ ಪದ ಬೇರೆ.

ಹೊಸ ಹೆಸರು ಸೇವ್ ಮಾಡುವ ಮುಂಚೆ ಸುರೇಶ್ ಕೇಳಿದರು, "ಇದು ಸರಿ ಇದೆಯಾ ಮೇಡಂ?" ನಾನು ಉತ್ತರ ಕೊಡಲಿಲ್ಲ. ಹೆಸರು ಗೊತ್ತಿರುವ ಕಣ್ಣು ಗೊತ್ತಿರುವುದನ್ನೇ ಓದುತ್ತದೆ, ನನ್ನ ಕಣ್ಣು ಆಗಲೇ ಒಮ್ಮೆ ಮೋಸ ಹೋಗಿತ್ತು. ಚೀಟಿಯಲ್ಲಿ ಬರೆದು ಪಕ್ಕದ ಡೆಸ್ಕಿನ ಪೇರೋಲ್ ಅಕ್ಕನಿಗೆ ಕೊಟ್ಟೆ. ಅವರಿಗೆ ಈ ಕಥೆ ಏನೂ ಗೊತ್ತಿರಲಿಲ್ಲ. "ಜೋರಾಗಿ ಓದಿ ಅಕ್ಕ" ಎಂದೆ.

"ಸುರೇಶ್, ಕೆ ಎನ್" ಎಂದು ಓದಿ ಚೀಟಿ ವಾಪಸ್ ಕೊಟ್ಟರು. "ಯಾರಪ್ಪ ಇವರು, ಹೊಸ ಜಾಯಿನಿಯಾ?"